ಪ್ಯಾನೆಲ್ ತೊಳೆಯೋಕೆ ವರ್ಷಕ್ಕೆ 6,000 ಕೇಳ್ತಿದ್ದಾರೆ, ಕೊಡಬಹುದಾ?

ಗಂಗಾವತಿ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. 540 ವ್ಯಾಟ್‌ನ ಆರು ಪ್ಯಾನೆಲ್, ಆನ್‌ಗ್ರಿಡ್, ಬ್ಯಾಟರಿ ಇಲ್ಲ. ಸೂರ್ಯ ಘರ್ ಯೋಜನೆಯಲ್ಲಿ ಹಾಕಿಸಿದ್ದು, 78,000 ಸಬ್ಸಿಡಿಯೂ ಬಂತು.

ಫೆಬ್ರವರಿ ಕೊನೆಯಲ್ಲಿ ದಿನಕ್ಕೆ ಸುಮಾರು 14 ಯೂನಿಟ್ ಬರುತ್ತಿತ್ತು. ಈಗ ಏಪ್ರಿಲ್, ಬಿಸಿಲು ಇನ್ನೂ ಜಾಸ್ತಿ ಇದೆ, ಆದರೆ 12 ಕೂಡ ದಾಟುತ್ತಿಲ್ಲ. ಸುತ್ತ ರೈಸ್ ಮಿಲ್‌ಗಳಿವೆ. ಪ್ಯಾನೆಲ್ ಮೇಲೆ ಬೆರಳು ಎಳೆದರೆ ಕಪ್ಪು ಬೂದಿ ಬರುತ್ತದೆ. ಕೊನೆಯ ಸಲ ತೊಳೆದದ್ದು ಮಾರ್ಚ್ ಶುರುವಿನಲ್ಲಿ, ಮನೆಯವರು ಬೋರ್ ನೀರಿನ ಪೈಪ್ ಹಿಡಿದು ತೊಳೆದಿದ್ದರು.

ಪ್ಯಾನೆಲ್ ಹಾಕಿದವರು ಈಗ ತೊಳೆಯುವ ಕಾಂಟ್ರ್ಯಾಕ್ಟ್ ಕೊಡುತ್ತೇವೆ ಅನ್ನುತ್ತಿದ್ದಾರೆ. ತಿಂಗಳಿಗೆ ಎರಡು ಸಲ, ವರ್ಷಕ್ಕೆ 6,000. "ತೊಳೆಯದಿದ್ದರೆ 30 ಪರ್ಸೆಂಟ್ ಲಾಸ್ ಆಗುತ್ತೆ ಮೇಡಂ" ಅಂತ ಹೆದರಿಸಿದರು. ನಿಜಾನಾ? ನಾವೇ ತೊಳೆದರೆ ಏನಾದರೂ ಅಪಾಯ ಇದೆಯಾ?

ರಾಜಾಜಿನಗರ_ಅಂಕಲ್
ಮೇಡಂ, ಕಾಂಟ್ರ್ಯಾಕ್ಟ್ ಎಲ್ಲ ಬೇಡ. ನಾನು ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ತೊಳೆಯುತ್ತೇನೆ. ಬಿಸಿಲು ಬರುವ ಮುಂಚೆ ತೊಳೆಯಬೇಕು, ಕಾದ ಗಾಜಿಗೆ ತಣ್ಣೀರು ಹಾಕಬಾರದು. ಅಡುಗೆಮನೆಯ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ, ನೀರೂ ವೇಸ್ಟ್ ಆಗುವುದಿಲ್ಲ. ಒಂದು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ ಮಾಪ್‌ನಲ್ಲಿ ಒರೆಸಿಬಿಡಿ. ಹೋದ ತಿಂಗಳು ಶನಿವಾರ 9 ಯೂನಿಟ್ ಬಂದಿತ್ತು, ಭಾನುವಾರ ತೊಳೆದ ಮೇಲೆ 12. ನೀವೇ ನೋಡಿ, 30 ಪರ್ಸೆಂಟ್ ಸುಳ್ಳಲ್ಲ.

ಪಾವಗಡ_ಬಿಸಿಲು
ಅಂಕಲ್, ಬೆಳಗ್ಗೆ ಆರಕ್ಕೆ ಅನ್ನೋದು ನೂರಕ್ಕೆ ನೂರು ಸರಿ. ಮಿಕ್ಕಿದ್ದರಲ್ಲಿ ಸ್ವಲ್ಪ ತಕರಾರಿದೆ. ನಾನು ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಪ್ಲಾಂಟ್ ನಿರ್ವಹಣೆಯಲ್ಲಿ ಕೆಲಸ ಮಾಡಿದವನು. ಅಲ್ಲಿ ದಿನ ಬೆಳಗಾದರೆ ನೀರು ಮತ್ತು ಧೂಳಿನದೇ ಮಾತು.

ಮೊದಲು ನೀರು. ಫಿಲ್ಟರ್‌ನಿಂದ ಹೊರಹೋಗುವ ನೀರಿನಲ್ಲಿ ಉಪ್ಪಿನಂಶ ನಲ್ಲಿ ನೀರಿಗಿಂತ ಜಾಸ್ತಿ ಇರುತ್ತದೆ. ಕುಡಿಯುವ ನೀರಿನಿಂದ ತೆಗೆದದ್ದೆಲ್ಲ ಅದರಲ್ಲೇ ಇರುತ್ತದಲ್ಲ. ಅದು ಗಾಜಿನ ಮೇಲೆ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಧೂಳಾದರೆ ಮುಂದಿನ ಮಳೆಗೆ ಹೋಗುತ್ತದೆ, ಈ ಕಲೆ ಹೋಗುವುದಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿದರೆ ಬಾತ್‌ರೂಮ್ ಗಾಜಿನಂತೆ ಮಂಕು ಹಿಡಿಯುತ್ತದೆ. ಸೋಪಿನ ಪುಡಿಯದ್ದೂ ಅಷ್ಟೇ. ಪೂರ್ತಿ ತೊಳೆದು ಹೋಗದಿದ್ದರೆ ಜಿಗುಟು ಪದರ ಉಳಿದು ಧೂಳು ಇನ್ನೂ ಬೇಗ ಹಿಡಿಯುತ್ತದೆ.

ಆಮೇಲೆ ನಿಮ್ಮ 9 ಮತ್ತು 12. ಶನಿವಾರ ಮೋಡ ಇತ್ತೋ ಇಲ್ಲವೋ? ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾಣೋದು ಆಕಾಶದ ವ್ಯತ್ಯಾಸ, ಧೂಳಿನದಲ್ಲ. ಅದೂ ವಾರ ವಾರ ತೊಳೆಯುವ ಪ್ಯಾನೆಲ್‌ನಲ್ಲಿ ಒಂದೇ ವಾರಕ್ಕೆ ಕಾಲು ಭಾಗ ಹೋಗುವಷ್ಟು ಧೂಳು ಬೆಂಗಳೂರಿನಲ್ಲಿ ಕೂರುವುದಿಲ್ಲ. ಪಕ್ಕದಲ್ಲೇ ಯಾರಾದರೂ ಕಟ್ಟಡ ಒಡೆಯುತ್ತಿದ್ದರೆ ಬೇರೆ ಮಾತು.

ರಾಜಾಜಿನಗರ_ಅಂಕಲ್
ಮೋಡ ಇತ್ತು ಅನ್ನಿಸುತ್ತದೆ. ಆದರೂ ತೊಳೆದ ಮೇಲೆ ನೋಡೋಕೆ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ.

ಶಿರಸಿ_ಕಡೆಯವ
ನಮ್ಮ ಕಡೆ ತೊಳೆಯುವ ಮಾತೇ ಇಲ್ಲ. ಜೂನ್ ಬಂದರೆ ಮಳೆರಾಯ ನಾಲ್ಕು ತಿಂಗಳು ಬಿಟ್ಟೂಬಿಡದೆ ತೊಳೆಯುತ್ತಾನೆ. ನಮಗೆ ತೊಂದರೆ ಧೂಳಲ್ಲ, ಪಾಚಿ. ಕೆಳಗಿನ ಅಂಚಿನಲ್ಲಿ ಹಸಿರು ಗೆರೆ ಕಟ್ಟುತ್ತದೆ. ಮೇಲೆ ಅಡಿಕೆ ಸೋಗೆ ಬಿದ್ದರೆ ಅದೊಂದು ರಗಳೆ. ಮಳೆ ಬರಲಿ ಅಂತ ಕಾಯಿರಿ, ಸುಮ್ನೆ ಯಾಕೆ ಖರ್ಚು?

ಪಾವಗಡ_ಬಿಸಿಲು
ಶಿರಸಿಯ ಮಳೆಯನ್ನು ಗಂಗಾವತಿಗೆ ಕಳಿಸಿಕೊಡಿ ಸ್ವಾಮಿ, ಆಮೇಲೆ ಕಾಯೋಣ.

ನೀವು ಹೇಳಿದ ಕೆಳಗಿನ ಅಂಚು ಮಾತ್ರ ಬಯಲುಸೀಮೆಗೂ ಅನ್ವಯಿಸುತ್ತದೆ. ನಮ್ಮಲ್ಲಿ ಪ್ಯಾನೆಲ್‌ಗಳ ಇಳಿಜಾರು ಕಡಿಮೆ, ಹತ್ತು ಹದಿನೈದು ಡಿಗ್ರಿ ಅಷ್ಟೇ. ಏಪ್ರಿಲ್‌ನಲ್ಲಿ ನಾಲ್ಕು ಹನಿ ಬಿದ್ದರೆ ಧೂಳು ಕೆಸರಾಗಿ ಇಳಿದು ಕೆಳಗಿನ ಫ್ರೇಮ್‌ಗೆ ತಾಗಿ ನಿಲ್ಲುತ್ತದೆ, ಅಲ್ಲೇ ಒಣಗುತ್ತದೆ. ಅದಕ್ಕೇ ತುಂತುರು ಮಳೆಯಿಂದ ಪ್ಯಾನೆಲ್ ಚೊಕ್ಕಟವಾಗುವ ಬದಲು ಇನ್ನಷ್ಟು ಕೆಡುವುದೂ ಉಂಟು. ಧೋ ಅಂತ ಸುರಿದರೆ ಮಾತ್ರ ತೊಳೆಯುತ್ತದೆ.

ಈ ಎರಡು ಬೆರಳಗಲದ ಕೆಸರು ಪಟ್ಟಿ ಇಡೀ ಪ್ಯಾನೆಲ್ ಮೇಲೆ ತೆಳ್ಳಗೆ ಹರಡಿದ ಧೂಳಿಗಿಂತ ಕೆಟ್ಟದ್ದು. ಪ್ಯಾನೆಲ್ ಒಳಗಿನ ಸೆಲ್‌ಗಳು ಸರಪಳಿಯಾಗಿ ಜೋಡಣೆ ಆಗಿರುತ್ತವೆ. ಒಂದು ಸೆಲ್ ಮುಚ್ಚಿದರೆ ಆ ಸರಪಳಿಯ ಕರೆಂಟೆಲ್ಲ ಅಲ್ಲೇ ತಡೆಯುತ್ತದೆ. ಪ್ಯಾನೆಲ್ ಉದ್ದಕ್ಕೆ ನಿಲ್ಲಿಸಿದ್ದರೆ ಕೆಳಗಿನ ಸಾಲಿನ ಸೆಲ್‌ಗಳು ಒಟ್ಟಿಗೆ ಮುಚ್ಚಿಕೊಂಡು ಕೆಳಗಿನ ಅರ್ಧವೇ ಸೊರಗುತ್ತದೆ. ಅಡ್ಡ ಮಲಗಿಸಿದ್ದರೆ ಮೂರರಲ್ಲೊಂದು ಭಾಗಕ್ಕಷ್ಟೇ ಪೆಟ್ಟು. ಹಾಗಾಗಿ ಪೂರ್ತಿ ತೊಳೆಯಲು ಪುರಸೊತ್ತಿಲ್ಲದಿದ್ದರೂ ಕೆಳಗಿನ ಅಂಚನ್ನಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಕ್ಕಿ ಹಿಕ್ಕೆಯೂ ಹಾಗೇ. ಅದು ಕೂತ ಸೆಲ್ ಬಿಸಿಯಾಗುತ್ತ ಹೋಗುತ್ತದೆ. ಅದಕ್ಕೆ ತಿಂಗಳ ಲೆಕ್ಕ ಬೇಡ, ಕಂಡಾಗ ನೀರಲ್ಲಿ ನೆನೆಸಿ ತೆಗೆಯಿರಿ.

ಬಿಸಿನೀರು_ಪ್ರಿಯ
ನಮ್ಮ ಮನೆಯ ಸೋಲಾರ್‌ನಲ್ಲೂ ಇದೇ ಸಮಸ್ಯೆ. ಗಾಜಿನ ಟ್ಯೂಬ್ ಒಳಗೆ ಬಿಳಿ ಉಪ್ಪು ಕಟ್ಟಿದೆ, ನೀರು ಮೊದಲಿನಷ್ಟು ಕಾಯುತ್ತಿಲ್ಲ. ಆ್ಯಸಿಡ್ ಹಾಕಿ ತೊಳೆಯಬಹುದಾ?

ಲೈನ್_ಕೆಲಸ
ಅಣ್ಣಾ, ನಿಮ್ಮದು ಸ್ನಾನದ ನೀರು ಕಾಯಿಸುವ ಸೋಲಾರ್. ಇಲ್ಲಿ ಮಾತಾಡ್ತಿರೋದು ಕರೆಂಟಿನ ಪ್ಯಾನೆಲ್ ಬಗ್ಗೆ. ನಿಮ್ಮದಕ್ಕೆ ಕಂಪನಿ ಸರ್ವಿಸ್‌ನವರನ್ನೇ ಕರೆಸಿ. ಇದನ್ನು ಓದಿ ಯಾರೂ ಕರೆಂಟಿನ ಪ್ಯಾನೆಲ್ ಮೇಲೆ ಆ್ಯಸಿಡ್ ಸುರಿಯಬೇಡಿ ಮತ್ತೆ.

ಗಂಗಾವತಿ ಅಕ್ಕಾವ್ರೆ, ನಾನು ಎಲೆಕ್ಟ್ರಿಶಿಯನ್. ನೀವು ಅಪಾಯದ ಬಗ್ಗೆ ಕೇಳಿದಿರಿ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಿಮ್ಮ ಆರು ಪ್ಯಾನೆಲ್ ಒಂದರ ಹಿಂದೊಂದು ಜೋಡಿಸಿದ್ದರೆ ಸಾಲಿನ ತುದಿಯಲ್ಲಿ 300 ವೋಲ್ಟ್ ಹತ್ತಿರ ಡಿಸಿ ಇರುತ್ತದೆ. ಕೆಳಗೆ ಇನ್ವರ್ಟರ್ ಆಫ್ ಮಾಡಿ, ಪಕ್ಕದ ಡಿಸಿ ಸ್ವಿಚ್ಚನ್ನೂ ಆಫ್ ಮಾಡಿ. ಆದರೂ ಪ್ಯಾನೆಲ್‌ನಿಂದ ಆ ಸ್ವಿಚ್‌ವರೆಗಿನ ವೈರ್‌ನಲ್ಲಿ ಬೆಳಕು ಇರುವ ತನಕ ವೋಲ್ಟೇಜ್ ಇದ್ದೇ ಇರುತ್ತದೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಎಲ್ಲ ಸತ್ತುಹೋಗುತ್ತದೆ ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಲೈನ್ ಟೆಸ್ಟರ್ ಇಟ್ಟು ನೋಡಿ "ದೀಪ ಹತ್ತಲಿಲ್ಲ, ಮುಟ್ಟಬಹುದು" ಅಂದುಕೊಳ್ಳೋದೂ ತಪ್ಪು. ಡಿಸಿಗೆ ಅದನ್ನು ನಂಬುವ ಹಾಗಿಲ್ಲ.

ಎಲ್ಲ ಸರಿಯಿದ್ದರೆ ಗಾಜಿನ ಮೇಲೆ ನೀರು ಹಾಕುವುದರಿಂದ ಏನೂ ಆಗದು. ಮಳೆ ಬಂದಾಗ ಆಗುವುದೂ ಅದೇ. ಅಪಾಯ ಇರೋದು ಸರಿಯಿಲ್ಲದಿದ್ದಾಗ. ಗಾಜು ಬಿರುಕು ಬಿಟ್ಟಿದ್ದರೆ, ಹಿಂದಿನ ವೈರನ್ನು ಇಲಿ ಅಥವಾ ಮಂಗ ಕಡಿದಿದ್ದರೆ, ಜಾಯಿಂಟ್ ಕನೆಕ್ಟರ್ ಸಡಿಲವಾಗಿ ನೀರಲ್ಲಿ ಜೋತು ಬಿದ್ದಿದ್ದರೆ ಫ್ರೇಮ್‌ಗೂ ಕರೆಂಟ್ ಬರಬಹುದು. ಆದ್ದರಿಂದ ನೀರು ಮುಟ್ಟುವ ಮುಂಚೆ ಒಮ್ಮೆ ಕೆಳಗೆ ಬಗ್ಗಿ ಹಿಂಬದಿ ನೋಡಿ. ಬಿರುಕು ಕಂಡರೆ ಅವತ್ತು ತೊಳೆಯಲೇಬೇಡಿ. ಕನೆಕ್ಟರ್ ಬಿಚ್ಚುವ ಕೆಲಸಕ್ಕಂತೂ ಕೈ ಹಾಕಬೇಡಿ. ಕರೆಂಟ್ ಹರಿಯುತ್ತಿರುವಾಗ ಎಳೆದರೆ ಕಿಡಿ ಎದ್ದು ಕೈ ಸುಡುತ್ತದೆ.

ಇನ್ನೊಂದು, ಕಾರ್ ತೊಳೆಯುವ ಪ್ರೆಶರ್ ಗನ್ ಬೇಡವೇ ಬೇಡ. ಫ್ರೇಮ್ ಮತ್ತು ಗಾಜಿನ ನಡುವಿನ ಸೀಲ್ ಒಳಕ್ಕೆ ನೀರು ನುಗ್ಗುತ್ತದೆ. ತೊಳೆದ ಮರುದಿನ ಬೆಳಗ್ಗೆ ಇನ್ವರ್ಟರ್ ಸ್ಟಾರ್ಟ್ ಆಗದೆ `ISO fault` ಅಂತ ತೋರಿಸಿದರೆ ನೀರು ಎಲ್ಲೋ ಒಳಗೆ ಸೇರಿದೆ ಅಂತ ಅರ್ಥ. ಒಣಗಿದ ಮೇಲೆ ತಾನೇ ಸರಿಹೋದರೂ ಬಿಡಬೇಡಿ, ಎಲ್ಲಿಂದ ಸೇರಿತು ಅಂತ ನೋಡಿಸಿ.

ಗಂಗಾವತಿ_ಮನೆ
ಲೈನ್_ಕೆಲಸ ಅಣ್ಣಾ, ತುಂಬ ಉಪಕಾರ ಆಯಿತು. ನಮ್ಮ ಪ್ಯಾನೆಲ್‌ಗಳು ಮಹಡಿಯಿಂದ ಏಳು ಅಡಿ ಎತ್ತರದ ಕಬ್ಬಿಣದ ಸ್ಟ್ರಕ್ಚರ್ ಮೇಲಿವೆ, ಕೆಳಗೆ ಬಟ್ಟೆ ಒಣಹಾಕುತ್ತೇವೆ. ಮನೆಯವರು ಹೋದ ಸಲ ಏಣಿ ಹಾಕಿಕೊಂಡು ಫ್ರೇಮ್ ಮೇಲೆ ಹತ್ತಿ ತೊಳೆದಿದ್ದರು.

ಲೈನ್_ಕೆಲಸ
ಕರೆಂಟಿಗಿಂತ ಮೊದಲು ಅದನ್ನು ನಿಲ್ಲಿಸಿ ಅಕ್ಕಾವ್ರೆ. ಮನೆ ಮೇಲಿನ ಪ್ಯಾನೆಲ್ ತೊಳೆಯುವಾಗ ಶಾಕ್‌ಗಿಂತ ಬೀಳುವ ಭಯವೇ ದೊಡ್ಡದು. ಒದ್ದೆ ಗಾಜು, ಒದ್ದೆ ಕಬ್ಬಿಣ, ಕೈಯಲ್ಲಿ ಪೈಪ್, ಪಕ್ಕದಲ್ಲಿ ಪ್ಯಾರಾಪೆಟ್ ಗೋಡೆಗಿಂತ ಎತ್ತರದಲ್ಲಿ ನಿಂತ ಮನುಷ್ಯ. ಜಾರಿದರೆ ಮಹಡಿ ಮೇಲೂ ಬೀಳೋದಿಲ್ಲ, ನೇರ ರಸ್ತೆಗೆ.

ಗೋಡೆಗೆ ಬಣ್ಣ ಹೊಡೆಯುವವರು ರೋಲರ್ ಸಿಕ್ಕಿಸುವ ಉದ್ದ ಕೋಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ತುದಿಗೆ ಮೆತ್ತನೆಯ ಮಾಪ್, ಇನ್ನೊಂದಕ್ಕೆ ರಬ್ಬರ್ ವೈಪರ್ ಕಟ್ಟಿ. ನೆಲದ ಮೇಲೆ ನಿಂತೇ ಪ್ಯಾನೆಲ್‌ನ ಮೇಲಿನ ಅಂಚು ಮುಟ್ಟುತ್ತದಾ ನೋಡಿ. ಆದರೆ ಮನೆ ಪಕ್ಕದಲ್ಲಿ 11 ಕೆವಿ ಲೈನ್ ಹೋಗಿದ್ದರೆ ಅಲ್ಯುಮಿನಿಯಂ ಕೋಲು ಎತ್ತಲೇಬೇಡಿ. ಲೈನ್ ಅಷ್ಟು ಹತ್ತಿರ ಇದ್ದರೆ ಬಿದಿರಿನ ಕೋಲನ್ನೂ ನಂಬಬೇಡಿ, ಒದ್ದೆಯಾದ ಮೇಲೆ ಅದೂ ಕರೆಂಟ್ ಹರಿಸುತ್ತದೆ.

ಪಾವಗಡ_ಬಿಸಿಲು
ಇವರು ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ: ಪ್ಯಾನೆಲ್ ಮೇಲೆ ಕಾಲಿಟ್ಟರೆ ಗಾಜು ಒಡೆಯದೆ ಇರಬಹುದು, ಒಳಗಿನ ಸೆಲ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಅದು ವರ್ಷಗಳಾದ ಮೇಲೆ ಗೊತ್ತಾಗುತ್ತದೆ. ವಾರಂಟಿ ಕೇಳಿದರೂ ಸಿಗುವುದಿಲ್ಲ.

ನಿಮ್ಮ ಊರಿನ ಬೂದಿಗೆ ಒಂದು ವಿಶೇಷ ಇದೆ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯದ್ದೇ. ಒಣಗಿರುವಾಗ ಬಟ್ಟೆ ಹಾಕಿ ಉಜ್ಜಿದರೆ ಗಾಜಿನ ಮೇಲಿನ ತೆಳು ಲೇಪನ ಗೀಚಿಹೋಗುತ್ತದೆ. ಮೊದಲು ನೀರು ಹಾಯಿಸಿ, ಐದು ನಿಮಿಷ ನೆನೆಯಲು ಬಿಡಿ, ಮತ್ತೆ ನೀರು ಹಾಯಿಸಿ. ಅರ್ಧದಷ್ಟು ಬೂದಿ ತಾನೇ ಇಳಿದುಹೋದ ಮೇಲೆ ಮಾಪ್ ಆಡಿಸಿ, ಒತ್ತಬೇಡಿ. ಕೊನೆಗೆ ವೈಪರ್‌ನಲ್ಲಿ ಮೇಲಿನಿಂದ ಕೆಳಕ್ಕೆ ಎಳೆದು ನೀರು ತೆಗೆದುಬಿಡಿ. ಬೋರ್ ನೀರಾದರೆ ಈ ಕೊನೆಯ ಹೆಜ್ಜೆ ಬಿಡುವಂತಿಲ್ಲ, ಒಣಗಲು ಬಿಟ್ಟರೆ ಉಪ್ಪು ಕೂರುತ್ತದೆ.

ನೀರಿಗೆ ಸುಲಭದ ದಾರಿ ಎಂದರೆ ಓಣಿಯ ಶುದ್ಧ ನೀರಿನ ಘಟಕ. 20 ಲೀಟರ್‌ನ ಎರಡು ಕ್ಯಾನ್ ತಂದರೆ ಆರು ಪ್ಯಾನೆಲ್‌ಗೆ ಸಾಕು. ನೆನೆಸಲು ಬೋರ್ ನೀರು ಬಳಸಿ, ಕೊನೆಯ ಜಾಲಾಡಿಕೆಗೆ ಮಾತ್ರ ಕ್ಯಾನ್ ನೀರು ಹಾಕಿದರೆ ಒಂದೇ ಕ್ಯಾನ್ ಸಾಕಾಗಬಹುದು.

ಲೆಕ್ಕದ_ಮೇಷ್ಟ್ರು
ಎಲ್ಲ ಸರಿ, ಆದರೆ ಮೂಲ ಪ್ರಶ್ನೆ 6,000 ರೂಪಾಯಿಯದು. ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಿಮ್ಮಲ್ಲಿ ನವೆಂಬರ್‌ನಿಂದ ಮೇ ತನಕ ಒಣ ಕಾಲ, ಸುಮಾರು 210 ದಿನ ಅನ್ನಿ. ದಿನಕ್ಕೆ 13 ಯೂನಿಟ್. ಒಮ್ಮೆಯೂ ತೊಳೆಯದೆ ಬಿಟ್ಟು, ಇಡೀ ಅವಧಿಗೆ ಸರಾಸರಿ ನೂರಕ್ಕೆ ಹತ್ತು ಭಾಗ ಧೂಳಿಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ. 273 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 1,638 ರೂಪಾಯಿ. ಪೂರ್ತಿ ಧೂಳನ್ನು ಕಳೆದರೂ ಉಳಿಯುವುದು ಅಷ್ಟೇ. ಅದಕ್ಕೆ 6,000 ಕೊಡುವುದು ಯಾವ ಲೆಕ್ಕ? ಸಾಲದ್ದಕ್ಕೆ ಮಳೆಗಾಲದಲ್ಲೂ ತಿಂಗಳಿಗೆ ಎರಡು ಸಲ ಬಂದು ತೊಳೆಯುತ್ತಾರಂತೆ!

ಕಾರಟಗಿ_ಮಿಲ್
ಮೇಷ್ಟ್ರೇ, ನಮ್ಮ ಮಿಲ್ ಶೆಡ್ ಮೇಲೆ 100 ಕಿಲೋವ್ಯಾಟ್ ಇದೆ. ನಾವು ತೊಳೆಯಲು ಜನ ಇಟ್ಟಿದ್ದೇವೆ, ಒಂದು ಸಲಕ್ಕೆ 2,000 ಕೊಡುತ್ತೇವೆ. ನಮಗೂ ಲಾಸ್ ಅಂತೀರಾ? ನಮ್ಮದೇ ಬಾಯ್ಲರ್ ಚಿಮಣಿ ಪಕ್ಕದಲ್ಲೇ ಇದೆ.

ಲೆಕ್ಕದ_ಮೇಷ್ಟ್ರು
ಇಲ್ಲ, ನಿಮ್ಮ ಲೆಕ್ಕವೇ ಬೇರೆ. ಪ್ಯಾನೆಲ್ ಜಾಸ್ತಿಯಾದಷ್ಟೂ ಒಂದು ಪ್ಯಾನೆಲ್‌ಗೆ ಬೀಳುವ ಕೂಲಿ ಕಡಿಮೆ. ಎಷ್ಟು ದಿನಕ್ಕೊಮ್ಮೆ ಅಂತ ತಿಳಿಯಲು ಒಂದು ಸರಳ ನಿಯಮ ಇದೆ. ಕೊನೆಯ ಸಲ ತೊಳೆದ ದಿನದಿಂದ ಧೂಳು ತಿಂದ ಹಣವನ್ನು ಕೂಡಿಸುತ್ತ ಹೋಗಿ. ಆ ಮೊತ್ತ ಒಮ್ಮೆ ತೊಳೆಯುವ ಖರ್ಚಿಗೆ ಸಮ ಆದ ದಿನ ತೊಳೆಯಿರಿ. ಅದಕ್ಕಿಂತ ಬೇಗ ತೊಳೆದರೆ ಕೂಲಿ ದಂಡ, ತಡವಾದರೆ ಯೂನಿಟ್ ದಂಡ.

ಧೂಳು ದಿನದಿಂದ ದಿನಕ್ಕೆ ಒಂದೇ ಸಮ ಏರುತ್ತದೆ ಅಂತ ಹಿಡಿದರೆ ಸೂತ್ರ ಹೀಗೆ:

```
T = √(2 × C ÷ L)
```

`T` ಎಂದರೆ ಎಷ್ಟು ದಿನಕ್ಕೊಮ್ಮೆ, `C` ಒಂದು ಸಲದ ಖರ್ಚು, `L` ಎಂದರೆ ನಷ್ಟ ಪ್ರತಿ ದಿನ ಎಷ್ಟು ರೂಪಾಯಿ ಏರುತ್ತದೆ ಎಂಬುದು. ನಿಮಗೆ ದಿನಕ್ಕೆ 400 ಯೂನಿಟ್ ಬರುತ್ತದೆ ಅನ್ನಿ. ಧೂಳು ದಿನಕ್ಕೆ 0.2 ಪರ್ಸೆಂಟ್‌ನಂತೆ ಏರಿದರೆ ಅದು 0.8 ಯೂನಿಟ್, 6 ರೂಪಾಯಿಯಂತೆ 4.80. ಆಗ 29 ದಿನಕ್ಕೊಮ್ಮೆ. ಚಿಮಣಿ ಪಕ್ಕ ಇರುವುದರಿಂದ 0.5 ಪರ್ಸೆಂಟ್‌ನಂತೆ ಏರಿದರೆ 18 ದಿನಕ್ಕೊಮ್ಮೆ. ನಿಮ್ಮ ದರ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ.

ಕಾರಟಗಿ_ಮಿಲ್
0.2 ಅಥವಾ 0.5 ಅಂತ ಗೊತ್ತಾಗೋದು ಹೇಗೆ? ಅದೇ ಅಲ್ವಾ ಕಷ್ಟ.

ಪಾವಗಡ_ಬಿಸಿಲು
ಅದೇ ಕಷ್ಟ. ದೊಡ್ಡ ಪ್ಲಾಂಟ್‌ಗಳಲ್ಲಿ ಒಂದು ಉಪಾಯ ಮಾಡುತ್ತಾರೆ. ಪಕ್ಕಪಕ್ಕ ಎರಡು ಪ್ಯಾನೆಲ್ ಇಡುತ್ತಾರೆ. ಒಂದನ್ನು ದಿನವೂ ಒರೆಸುತ್ತಾರೆ, ಇನ್ನೊಂದನ್ನು ಮುಟ್ಟುವುದಿಲ್ಲ. ಎರಡರ ಕರೆಂಟ್ ಹೋಲಿಸಿದರೆ ಧೂಳಿನ ಲೆಕ್ಕ ನೇರವಾಗಿ ಸಿಗುತ್ತದೆ. ಬಿಸಿಲು, ಮೋಡ, ಶಾಖ ಎರಡಕ್ಕೂ ಒಂದೇ. ನಿಮ್ಮದು 100 ಕಿಲೋವ್ಯಾಟ್, ಇನ್ವರ್ಟರ್‌ಗೆ ಹಲವು ಸಾಲು ಬಂದಿರುತ್ತವೆ. ಒಂದು ಸಾಲನ್ನು ಮಾತ್ರ ತೊಳೆದು, ಮಿಕ್ಕವನ್ನು ಬಿಟ್ಟು, ಆ್ಯಪ್‌ನಲ್ಲಿ ಸಾಲುವಾರು ಕರೆಂಟ್ ನೋಡಿ. ಒಂದು ವಾರದಲ್ಲಿ ಉತ್ತರ ಸಿಗುತ್ತದೆ.

ಗಂಗಾವತಿ ಮೇಡಂ ಅವರದ್ದು ಒಂದೇ ಸಾಲು, ಇದು ಆಗದು. ಹತ್ತಿರದಲ್ಲಿ ಬೇರೆ ಯಾರದಾದರೂ ಸೋಲಾರ್ ಇದೆಯಾ?

ಗಂಗಾವತಿ_ಮನೆ
ಎರಡು ಓಣಿ ಆಚೆ ಮೈದುನನ ಮನೆಯಲ್ಲಿ 5 ಕಿಲೋವ್ಯಾಟ್ ಇದೆ. ಅವರು ತೊಳೆಯುವ ಗೋಜಿಗೇ ಹೋಗಿಲ್ಲ.

ಪಾವಗಡ_ಬಿಸಿಲು
ತುಂಬ ಒಳ್ಳೆಯದು. ಅವರಿಗೆ ಇನ್ನೂ ಹತ್ತು ದಿನ ತೊಳೆಯಬೇಡಿ ಅನ್ನಿ! ಈಗಿನ ಐದು ದಿನಗಳ ನಿಮ್ಮ ಯೂನಿಟ್, ಅವರ ಯೂನಿಟ್ ಎರಡನ್ನೂ ಬರೆದಿಡಿ. ಆಮೇಲೆ ನಿಮ್ಮದನ್ನು ಮಾತ್ರ ತೊಳೆದು ಮತ್ತೆ ಐದು ದಿನ ಬರೆಯಿರಿ. ಹಗಲು ಕರೆಂಟ್ ಹೋದ ದಿನಗಳನ್ನು ಬಿಟ್ಟುಬಿಡಿ. ಆನ್‌ಗ್ರಿಡ್ ಇನ್ವರ್ಟರ್ ಲೈನ್ ಹೋದ ಕೂಡಲೇ ನಿಂತುಬಿಡುತ್ತದೆ, ಇಬ್ಬರ ಮನೆ ಬೇರೆ ಬೇರೆ ಟ್ರಾನ್ಸ್‌ಫಾರ್ಮರ್‌ಗೆ ಸೇರಿದ್ದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು. ಫೆಬ್ರವರಿಯ 14 ಮತ್ತೆ ಬರುತ್ತದೆ ಅಂತ ಕಾಯಬೇಡಿ. ಪ್ಯಾನೆಲ್‌ಗೆ ಬೆಳಕು ಬೇಕು, ಶಾಖ ಬೇಡ. ಒಂದು ಡಿಗ್ರಿ ಏರಿದರೆ 0.35 ಪರ್ಸೆಂಟ್‌ನಷ್ಟು ಕಡಿಮೆಯಾಗುತ್ತದೆ. ಫೆಬ್ರವರಿಗಿಂತ ಹತ್ತು ಡಿಗ್ರಿ ಜಾಸ್ತಿ ಕಾದಿದ್ದರೆ ಮೂರೂವರೆ ಪರ್ಸೆಂಟ್ ಅಲ್ಲೇ ಹೋಯಿತು. ತೊಳೆದರೆ ಅದು ವಾಪಸ್ ಬರುವುದಿಲ್ಲ.

ಕಲಬುರಗಿ_ಬಿಸಿಲು_ಊರು
ಒಂದು ಸಂಶಯ. ಎಲ್ಲರೂ ಯೂನಿಟ್‌ಗೆ 6 ರೂಪಾಯಿ ಹಿಡಿಯುತ್ತಿದ್ದೀರಿ. ನಾವು ಹಗಲು ಆಫೀಸ್‌ಗೆ ಹೋಗುತ್ತೇವೆ, ಮನೆಯಲ್ಲಿ ಬಳಕೆ ಕಡಿಮೆ, ತಿಂಗಳ ಕೊನೆಗೆ ಯೂನಿಟ್ ಮಿಗುತ್ತದೆ. ಮಿಕ್ಕ ಯೂನಿಟ್‌ಗೆ ಜೆಸ್ಕಾಂ ಕೊಡುವ ದರ ನಾವು ಕೊಡುವ ದರಕ್ಕಿಂತ ಕಡಿಮೆ. ಆಗ?

ಲೆಕ್ಕದ_ಮೇಷ್ಟ್ರು
ಒಳ್ಳೆಯ ಪ್ರಶ್ನೆ ಮೇಡಂ. ನಿಮಗೆ ತೊಳೆದು ಬರುವ ಹೆಚ್ಚುವರಿ ಯೂನಿಟ್ ಪೂರ್ತಿ ಮಿಗುವ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ 6ರ ಜಾಗದಲ್ಲಿ ನಿಮ್ಮ ಒಪ್ಪಂದದಲ್ಲಿರುವ ಮಾರಾಟ ದರ ಹಾಕಿ. ದರ ಅರ್ಧವಾದರೆ ತೊಳೆಯುವ ಅಂತರ ಸುಮಾರು ಒಂದೂವರೆ ಪಟ್ಟು ಆಗುತ್ತದೆ, ಎರಡು ಪಟ್ಟಲ್ಲ, ವರ್ಗಮೂಲ ಇದೆಯಲ್ಲ.

ಕಲಬುರಗಿ_ಬಿಸಿಲು_ಊರು
ಗೃಹಜ್ಯೋತಿ ಇದ್ದವರಿಗೆ?

ಲೆಕ್ಕದ_ಮೇಷ್ಟ್ರು
ಅಲ್ಲಿ ನನ್ನ ಲೆಕ್ಕ ನಿಲ್ಲುತ್ತದೆ. ಬಿಲ್ ಹೇಗೂ ಸೊನ್ನೆ ಬರುತ್ತಿದ್ದರೆ ಇನ್ನೊಂದು ಯೂನಿಟ್ ಉಳಿಸಿ ಏನು ಸಿಗುತ್ತದೆ? ನಿಮ್ಮ ಬಿಲ್ ಹಿಡಿದುಕೊಂಡು ಸೆಕ್ಷನ್ ಆಫೀಸ್‌ನಲ್ಲೇ ಕೇಳಬೇಕು.

ರಾಜಾಜಿನಗರ_ಅಂಕಲ್
ನೀವೆಲ್ಲ ದುಡ್ಡಿನ ಲೆಕ್ಕ ಮಾತ್ರ ಹಾಕ್ತೀರಿ. ವಾರಕ್ಕೊಮ್ಮೆ ಮೇಲೆ ಹೋದರೆ ಪಾರಿವಾಳ ಗೂಡು ಕಟ್ಟಿದ್ದು, ವೈರ್ ಜೋತಿದ್ದು ಎಲ್ಲ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಬೆಲೆ ಇಲ್ಲವಾ?

ಲೈನ್_ಕೆಲಸ
ಇದೆ ಅಂಕಲ್, ಈ ಮಾತು ಒಪ್ಪಿದೆ. ಆದರೆ ನೋಡಿ ಬರೋಕೆ ನೀರು ಬೇಕಾಗಿಲ್ಲ.

ಗಂಗಾವತಿ_ಮನೆ
ಲೆಕ್ಕ ತಂದಿದ್ದೇನೆ. ಮೋಡ ಇಲ್ಲದ, ಕರೆಂಟ್ ಹೋಗದ ದಿನಗಳನ್ನೇ ಆರಿಸಿದೆ.

ತೊಳೆಯುವ ಮುಂಚಿನ ಐದು ದಿನ: ನಮ್ಮದು 59 ಯೂನಿಟ್, ಮೈದುನನ ಮನೆಯದು 92.
ತೊಳೆದ ಮೇಲಿನ ಐದು ದಿನ: ನಮ್ಮದು 64.5, ಅವರದ್ದು 93.5.

ಬೆಳಕು ಹರಿಯುತ್ತಿದ್ದಂತೆ ತೊಳೆದೆವು. ಮನೆಯವರು ಕೋಲು ಹಿಡಿದರು, ನಾನು ನೀರು. ಒಂದು ಮೂಲೆ ಮಾತ್ರ ಎಟುಕಲಿಲ್ಲ, ಬಿಟ್ಟುಬಿಟ್ಟೆವು. ಹಳೆಯ ಬಿಳಿ ಕಲೆಗಳು ಕೆಲವು ಹಾಗೇ ಇವೆ.

ಲೆಕ್ಕದ_ಮೇಷ್ಟ್ರು
59ನ್ನು 92ರಿಂದ ಭಾಗಿಸಿದರೆ 0.641. ಆಮೇಲೆ 0.690. ಏರಿಕೆ ಸುಮಾರು ಏಳೂವರೆ ಪರ್ಸೆಂಟ್. ಬೇರೆ ರೀತಿ ಹೇಳಿದರೆ ಸ್ವಚ್ಛ ಪ್ಯಾನೆಲ್ ಕೊಡಬೇಕಾದದ್ದರಲ್ಲಿ ನೂರಕ್ಕೆ ಏಳು ಭಾಗ ಧೂಳು ತಿನ್ನುತ್ತಿತ್ತು. 30 ಅಲ್ಲ, ಏಳು.

ಹಿಂದಿನ ಸಲ ತೊಳೆದು ಐದು ವಾರ ಆಗಿತ್ತು. ಅಂದರೆ ದಿನಕ್ಕೆ 0.2 ಪರ್ಸೆಂಟ್. ಆ ಐದು ವಾರದಲ್ಲಿ ನೀವು ಕಳೆದುಕೊಂಡದ್ದು ಒಟ್ಟು 16 ಯೂನಿಟ್, ಹತ್ತಿರ ಹತ್ತಿರ 96 ರೂಪಾಯಿ. ಆಳು ಕರೆಸಿ ಒಂದು ಸಲಕ್ಕೆ 300 ಕೊಡುವುದಾದರೆ ಎರಡು ತಿಂಗಳಿಗೊಮ್ಮೆ ಸಾಕು. ನೀವೇ ತೊಳೆದು ನೀರಿಗೆ, ಶ್ರಮಕ್ಕೆ ಸೇರಿಸಿ 60 ರೂಪಾಯಿ ಹಿಡಿದರೆ ನಾಲ್ಕು ವಾರಕ್ಕೊಮ್ಮೆ. ಮೇ ಕೊನೆಯಲ್ಲಿ ಮಳೆ ಹತ್ತಿರ ಇದ್ದರೆ ಆ ಸಲದ್ದನ್ನು ಬಿಟ್ಟುಬಿಡಿ.

ಪಾವಗಡ_ಬಿಸಿಲು
ಲೆಕ್ಕ ಸರಿಯಿದೆ, ಒಂದು ಎಚ್ಚರಿಕೆ ಮಾತ್ರ. ಐದು ದಿನದ ಲೆಕ್ಕದಲ್ಲಿ ಒಂದೆರಡು ಪರ್ಸೆಂಟ್ ಆಚೀಚೆ ಇರುತ್ತದೆ. ನವೆಂಬರ್‌ನಲ್ಲಿ ಕೊಯ್ಲು ಶುರುವಾಗಿ ಮಿಲ್‌ಗಳೆಲ್ಲ ಜೋರಾಗಿ ನಡೆಯುವಾಗ ಈ 0.2 ಏರಲೂಬಹುದು. ಆಗ ಇನ್ನೊಮ್ಮೆ ಹೀಗೇ ಅಳೆಯಿರಿ.

ಬಿಳಿ ಕಲೆಗೆ ಈಗಲೇ ಏನೂ ಮಾಡಬೇಡಿ. ಕೆಲವರು ನೀರು ಬೆರೆಸಿದ ವಿನೆಗರ್ ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲಷ್ಟೇ ಒರೆಸಿ ಕೂಡಲೇ ತೊಳೆಯುತ್ತಾರೆ. ಮಾಡುವುದಾದರೆ ಮೊದಲು ನಿಮ್ಮ ಪ್ಯಾನೆಲ್ ಕಂಪನಿಯ ಕೈಪಿಡಿ ನೋಡಿ.

ನನಗೆ ಇನ್ನೊಂದು ಕಾಡುತ್ತಿದೆ. ತೊಳೆದ ಮೇಲೂ ನಿಮಗೆ ದಿನಕ್ಕೆ 12.9. ಫೆಬ್ರವರಿಯ 14ರಲ್ಲಿ ಶಾಖಕ್ಕೆ ಅರ್ಧ ಯೂನಿಟ್ ಕಳೆದರೂ ಇನ್ನೂ ಅರ್ಧಕ್ಕಿಂತ ಜಾಸ್ತಿ ಎಲ್ಲೋ ಹೋಗುತ್ತಿದೆ. ಆ್ಯಪ್‌ನಲ್ಲಿ ಒಂದು ದಿನದ ಗೆರೆ ನೋಡಿ. ನಡು ಮಧ್ಯಾಹ್ನ ಎಲ್ಲಾದರೂ ಕಚ್ಚಿದಂತೆ ಕೆಳಗೆ ಬಿದ್ದಿದೆಯಾ?

ಗಂಗಾವತಿ_ಮನೆ
ಹೌದು! 12ರಿಂದ 2ರ ನಡುವೆ ಎರಡು ಮೂರು ಕಡೆ ಸೊನ್ನೆಗೆ ಬಿದ್ದು ಮತ್ತೆ ಏರಿದೆ. ಆ ಹೊತ್ತಿಗೆ `Grid Overvoltage` ಅಂತ ತೋರಿಸುತ್ತದೆ. ಮೈದುನನ ಮನೆಯಲ್ಲಿ ಹೀಗಿಲ್ಲ.

ಲೈನ್_ಕೆಲಸ
ಅದು ಧೂಳಲ್ಲ ಅಕ್ಕಾವ್ರೆ, ಲೈನ್‌ನಲ್ಲಿ ವೋಲ್ಟೇಜ್ ಏರಿ ಇನ್ವರ್ಟರ್ ತಾನೇ ಕಳಚಿಕೊಳ್ಳುತ್ತಿದೆ. ಮಧ್ಯಾಹ್ನ ಓಣಿಯಲ್ಲಿ ಬಳಕೆ ಕಡಿಮೆ, ಸೋಲಾರ್ ಮಾತ್ರ ಜೋರು. ಇನ್ವರ್ಟರ್‌ನಿಂದ ಮೀಟರ್‌ಗೆ ಹೋಗುವ ಕೇಬಲ್ ತೆಳುವಾಗಿ ಉದ್ದ ಇದ್ದರೂ ಹೀಗಾಗುತ್ತದೆ. ಅದು ಬೀಳುವ ಹೊತ್ತಿಗೆ ಇನ್ವರ್ಟರ್ ಪರದೆಯಲ್ಲಿ ಎಷ್ಟು ವೋಲ್ಟ್ ಇದೆ, ಅದೇ ಹೊತ್ತಿಗೆ ಮೀಟರ್ ಹತ್ತಿರ ಎಷ್ಟಿದೆ, ಎರಡೂ ಬೇಕು. ಮೀಟರ್ ಹತ್ತಿರದ್ದನ್ನು ಎಲೆಕ್ಟ್ರಿಶಿಯನ್ ಕೈಯಲ್ಲೇ ನೋಡಿಸಿ. ಎರಡರ ನಡುವೆ ತುಂಬ ಅಂತರ ಇದ್ದರೆ ಕೇಬಲ್ ಹಾಕಿದವರನ್ನು ಹಿಡಿಯಿರಿ. ಮೀಟರ್‌ನಲ್ಲೇ ಜಾಸ್ತಿ ಇದ್ದರೆ ಜೆಸ್ಕಾಂಗೆ ದೂರು ಕೊಡಿ, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಇಳಿಸುವುದು ಅವರ ಕೆಲಸ.

ಗಂಗಾವತಿ_ಮನೆ
ಇವತ್ತು ಮಧ್ಯಾಹ್ನ ಇನ್ವರ್ಟರ್‌ನಲ್ಲಿ 259 ತೋರಿಸಿ ನಿಂತಿತು. ಮೀಟರ್ ಹತ್ತಿರ ನೋಡಲು ಸೋಮವಾರ ಎಲೆಕ್ಟ್ರಿಶಿಯನ್ ಬರುತ್ತಾರೆ. ಕಾಂಟ್ರ್ಯಾಕ್ಟ್‌ನವರಿಗೆ ಬೇಡ ಅಂತ ಹೇಳಿದೆ. ಈಗ 4,000ಕ್ಕೆ ಇಳಿದಿದ್ದಾರೆ.

ಲೆಕ್ಕದ_ಮೇಷ್ಟ್ರು
1,000ಕ್ಕೆ ಇಳಿದರೆ ತಿಳಿಸಿ. ಮತ್ತೆ ಕೂತು ಲೆಕ್ಕ ಹಾಕೋಣ.